ದಪ್ಪ ಮ್ಯಾನ್ಯುವಲ್‌ನಿಂದ ಒಂದೊಂದು ನಿಮಿಷದ ಸ್ಕ್ರಿಪ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಕೃಷಿ ಸಲಕರಣೆ ಅಂಗಡಿಗೆ ನಾನು ಚಿಕ್ಕ ವಿಡಿಯೊಗಳ ಸ್ಕ್ರಿಪ್ಟ್ ಬರೆಯುತ್ತೇನೆ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ಅಲ್ಲಿ ಜಾಸ್ತಿ ಮಾರಾಟವಾಗುತ್ತದೆ. ನಮ್ಮ ಕಡೆ ಅದಕ್ಕೆ ಎಣ್ಣಿ ಹೊಡಿಯೋ ಪಂಪು ಅಂತಾರೆ. ಎಣ್ಣಿ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಅದರ ಜೊತೆ 24 ಪುಟದ ಮ್ಯಾನ್ಯುವಲ್ ಬರುತ್ತದೆ. ಬ್ಯಾಡಗಿ, ನವಲಗುಂದ, ಶಿರಹಟ್ಟಿ ಕಡೆಯಿಂದ ಬರುವ ರೈತರು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಪಂಪು ಮಾತ್ರ ಒಯ್ಯುತ್ತಾರೆ. ಆ ಮ್ಯಾನ್ಯುವಲ್‌ನಿಂದ ಈವರೆಗೆ 11 ಸ್ಕ್ರಿಪ್ಟ್ ಮಾಡಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕಿದ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಉದಾಹರಣೆ ಎಲ್ಲ ಆ ಒಂದು ಪಂಪಿನದೇ.

ಒಂದು ಸ್ಕ್ರಿಪ್ಟ್‌ನಲ್ಲಿ ಒಂದೇ ವಿಷಯ ಅಂದರೆ ಏನು? "ಬ್ಯಾಟರಿ" ಅನ್ನುವುದು ಒಂದು ವಿಷಯ ಅಲ್ವಾ?

ಅಲ್ಲ. ಬ್ಯಾಟರಿ ಅನ್ನುವುದು ಒಂದು ವಸ್ತುವಿನ ಹೆಸರು. ಸ್ಕ್ರಿಪ್ಟ್‌ಗೆ ಬೇಕಾದದ್ದು ಒಂದು ಕೆಲಸ. ವಿಡಿಯೊ ಮುಗಿದ ಮೇಲೆ ನೋಡಿದವರ ಕೈ ಏನು ಮಾಡಬೇಕು? ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ "ಮತ್ತು" ಬಂದರೆ ಅಲ್ಲಿ ಎರಡು ಸ್ಕ್ರಿಪ್ಟ್ ಅಡಗಿವೆ ಅಂತ ತಿಳಿಯಿರಿ.

ಮ್ಯಾನ್ಯುವಲ್‌ನ ಬ್ಯಾಟರಿ ಪುಟವನ್ನೇ ನೋಡೋಣ. ಅಲ್ಲಿ ಒಂದೇ ಪ್ಯಾರಾದಲ್ಲಿ ಮೂರು ಮಾತಿವೆ. ಮೊದಲ ಸಲ ಬಳಸುವ ಮುಂಚೆ ಪೂರ್ತಿ ಚಾರ್ಜ್ ಮಾಡಿ. ಪ್ರತಿ ಬಳಕೆಯ ನಂತರ ಚಾರ್ಜ್ ಮಾಡಿ. ಬಳಸದೆ ಇಟ್ಟಾಗ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮೂರರಲ್ಲೂ "ಚಾರ್ಜ್ ಮಾಡಿ" ಅಂತಲೇ ಇರುವುದರಿಂದ ಒಂದೇ ಪಾಠದಂತೆ ಕಾಣುತ್ತದೆ. ನಾನೂ ಮೊದಲು ಒಂದೇ ಸ್ಕ್ರಿಪ್ಟ್ ಬರೆದಿದ್ದೆ. ಆದರೆ ಈ ಮೂರೂ ಬೇಕಾಗುವುದು ಬೇರೆ ಬೇರೆ ದಿನ. ಮೊದಲನೆಯದು ಪಂಪು ಮನೆಗೆ ಬಂದ ದಿನ. ಎರಡನೆಯದು ಹೊಲದಿಂದ ಸುಸ್ತಾಗಿ ಬಂದ ಸಂಜೆ. ಮೂರನೆಯದು ಬೆಳೆ ಮುಗಿದು ಪಂಪನ್ನು ಅಟ್ಟಕ್ಕೆ ಏರಿಸುವ ಹೊತ್ತು.

ಈ ಮೂರನೆಯದೇ ಜಾಸ್ತಿ ಹಾನಿ ಮಾಡುವುದು. ನಮ್ಮ ಪಂಪಿನಲ್ಲಿ ಇರುವುದು 12 ವೋಲ್ಟಿನ ಸೀಸದ ಬ್ಯಾಟರಿ. ಅದು ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಅದು ಮೊದಲಿನಷ್ಟು ಹಿಡಿಯುವುದಿಲ್ಲ. ಮೆಣಸಿನಕಾಯಿ ಬಿಡಿಸಿ ಮುಗಿದ ಮೇಲೆ ಅಟ್ಟ ಸೇರಿದ ಪಂಪು ಕೆಳಗಿಳಿಯುವುದು ಮುಂಗಾರಿಗೆ. ಆಗ ಅಂಗಡಿಯ ಮುಂದೆ ಸತ್ತ ಬ್ಯಾಟರಿಗಳ ಸಾಲು ನಿಲ್ಲುತ್ತದೆ. ಈ ಸ್ಕ್ರಿಪ್ಟನ್ನು ಜೂನ್‌ನಲ್ಲಿ ಕಳಿಸಿದರೆ ಏನೂ ಉಪಯೋಗವಿಲ್ಲ. ಕೊಯ್ಲು ಮುಗಿಯುತ್ತಾ ಬಂದಾಗಲೇ ಕಳಿಸಬೇಕು.

ಅದಕ್ಕೇ ನಾನು ಪ್ರತಿ ಸ್ಕ್ರಿಪ್ಟ್‌ನ ನೆತ್ತಿಯ ಮೇಲೆ ಎರಡು ಸಾಲು ಬರೆಯುತ್ತೇನೆ: ಇದು ಯಾವ ಹೊತ್ತಿಗೆ ಬೇಕು, ನೋಡಿದವರು ಏನು ಮಾಡಬೇಕು. ಹೊತ್ತು ಬೇರೆಯಾದರೆ ಸ್ಕ್ರಿಪ್ಟೂ ಬೇರೆ.

ಮ್ಯಾನ್ಯುವಲ್ ಓದುವುದು ಎಲ್ಲಿಂದ ಶುರು ಮಾಡಬೇಕು?

ಮ್ಯಾನ್ಯುವಲ್‌ನಿಂದ ಅಲ್ಲ, ರಿಪೇರಿ ಟೇಬಲ್‌ನಿಂದ. ಅಂಗಡಿಯ ಹಿಂದೆ ಕೂತು ಪಂಪು ಬಿಚ್ಚುವ ಕಾಕಾನ ಪಕ್ಕ ನಾನು ಮೂರು ದಿನ ಕೂತಿದ್ದೆ. "ಕಾಕಾ, ಯಾವ್ದು ಜಾಸ್ತಿ ಬರ್ತೈತಿ?" ಅಂತ ಕೇಳಿದೆ. "ಬಾಯಿ ಕಟ್ಟಿರ್ತೈತಿ, ಇಲ್ಲಾ ಬ್ಯಾಟ್ರಿ ಹೋಗಿರ್ತೈತಿ. ಉಳಿದದ್ದು ವಾಷರ್" ಅಂದರು. ಬಾಯಿ ಅಂದರೆ ನಾಝಲ್. ಮ್ಯಾನ್ಯುವಲ್‌ನಲ್ಲಿ ನಾಝಲ್ ಬರುವುದು 17ನೇ ಪುಟದಲ್ಲಿ. ಮೊದಲ ಆರು ಪುಟ ಬಿಡಿಭಾಗಗಳ ಹೆಸರು, ಅಳತೆಯ ಪಟ್ಟಿ ಮತ್ತು ಕಂಪನಿಯ ಪರಿಚಯ. ಪುಟದ ಕ್ರಮದಲ್ಲೇ ಹೋಗಿದ್ದರೆ ನನ್ನ ಮೊದಲ ವಿಡಿಯೊ "ನಿಮ್ಮ ಪಂಪಿನ ಭಾಗಗಳನ್ನು ತಿಳಿಯಿರಿ" ಅಂತ ಆಗುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ.

ದೂರಿನ ಪಟ್ಟಿ ಕೈಗೆ ಬಂದ ಮೇಲೆ ಪೆನ್ಸಿಲ್ ಹಿಡಿದು ಮ್ಯಾನ್ಯುವಲ್ ಓದಿ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ: ಬಿಚ್ಚಿ, ತೊಳೆಯಿರಿ, ತುಂಬಿ, ಒತ್ತಿ. ಗೆರೆ ಬಿದ್ದ ಪ್ರತಿಯೊಂದನ್ನೂ ಬೇರೆ ಚೀಟಿಯಲ್ಲಿ ಬರೆದು, ಹಿಂದೆ ಪುಟದ ಸಂಖ್ಯೆ ಹಾಕಿ. ನನಗೆ 43 ಚೀಟಿ ಸಿಕ್ಕವು. ಅವನ್ನು ಚಾಪೆಯ ಮೇಲೆ ಹರಡಿ, ಯಾವ ದೂರಿಗೆ ಯಾವ ಚೀಟಿ ಅಂತ ಜೋಡಿಸಿದೆ. ಯಾವ ದೂರಿಗೂ ಸೇರದ ಚೀಟಿ ಉಳಿಯುತ್ತವೆ. ಉಳಿಯಲಿ. ವಾರಂಟಿಯ ಷರತ್ತು, ಮೋಟರ್‌ನ ವ್ಯಾಟ್ ಇವೆಲ್ಲ ಮ್ಯಾನ್ಯುವಲ್‌ನಲ್ಲೇ ಇರುವುದು ಸರಿ. ಬೇಕಾದವರು ಅಲ್ಲೇ ಹುಡುಕುತ್ತಾರೆ.

ಒಂದು ಪ್ಯಾರಾ ಸ್ಕ್ರಿಪ್ಟ್ ಆಗುವುದನ್ನು ಮಾಡಿ ತೋರಿಸಿ.

17ನೇ ಪುಟದ ಮಾತು ಹೀಗಿದೆ: ಸಿಂಪರಣೆ ಕಡಿಮೆಯಾದಲ್ಲಿ ಟ್ಯಾಂಕಿನ ಜರಡಿ, ಹಿಡಿಕೆಯ ಫಿಲ್ಟರ್ ಹಾಗೂ ನಾಝಲ್ ಸ್ವಚ್ಛಗೊಳಿಸಿ, ಬ್ಯಾಟರಿ ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಪಂಪಿನ ಡಯಾಫ್ರಮ್ ಬದಲಿಸಿ.

ಒಂದು ವಾಕ್ಯದಲ್ಲಿ ಐದು ಕೆಲಸ. ಹೊಲದಲ್ಲಿ ನಿಂತ ರೈತನಿಗೆ ಇದರಲ್ಲಿ ತನ್ನದು ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗುರುತಿನಿಂದ ಅವನ್ನು ಬೇರೆ ಮಾಡಬೇಕು. ಕಾಕಾ ಮಾಡುವುದೂ ಅದನ್ನೇ. ಮೋಟರ್ ಸದ್ದೇ ಇಲ್ಲದಿದ್ದರೆ ಅಥವಾ ಸದ್ದು ಮೆತ್ತಗಾಗಿದ್ದರೆ ಮೊದಲು ಬ್ಯಾಟರಿ ಕಡೆ ನೋಡುತ್ತಾರೆ. ಸದ್ದು ಜೋರಾಗಿದ್ದು, ನಾಝಲ್ ಬಿಚ್ಚಿದಾಗ ಕೋಲಿನಿಂದ ನೀರು ಚೆನ್ನಾಗಿ ಬಂದರೆ ತಪ್ಪು ನಾಝಲ್‌ನಲ್ಲೇ ಇದೆ. ನಾಝಲ್ ಬಿಚ್ಚಿದರೂ ನೀರು ಸಣ್ಣಗೆ ಬಂದರೆ ಫಿಲ್ಟರ್, ಜರಡಿ ನೋಡಬೇಕು. ಅವೂ ಚೊಕ್ಕ ಇದ್ದರೆ ಡಯಾಫ್ರಮ್, ಅಂದರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಪೊರೆ, ಹೋಗಿರಬಹುದು. ಆದರೆ ಅದು ರೈತ ಹೊಲದಲ್ಲಿ ಮಾಡುವ ಕೆಲಸ ಅಲ್ಲ, ಅಂಗಡಿಗೆ ತರಬೇಕು. ಹೀಗೆ ಆ ಒಂದು ವಾಕ್ಯದಿಂದ ಮೂರು ಸ್ಕ್ರಿಪ್ಟ್ ಹುಟ್ಟಿದವು. ನಾಝಲ್‌ನದು ಕೊನೆಗೆ ಹೀಗೆ ನಿಂತಿತು:

> ಮೋಟರ್ ಸಪ್ಪಳ ಬರ್ತೈತಿ, ಆದ್ರ ಎಣ್ಣಿ ಛತ್ರಿ ಹಂಗ ಅರಳವಲ್ದು. ನಾಝಲ್‌ನ್ಯಾಗ ಕಸ ಕುಂತೈತಿ.
>
> ಸ್ವಿಚ್ ಬಂದ್ ಮಾಡ್ರಿ. ಕೋಲು ನೆಲದ ಕಡೆ ಹಿಡದು ಹಿಡಿಕಿ ಒಮ್ಮೆ ಒತ್ರಿ, ಪೈಪಿನ ಪ್ರೆಷರ್ ಹೋಗ್ಲಿ. ಕೈಯಾಗ ಗ್ಲೌಸ್ ಇರ್ಲಿ.
>
> ನಾಝಲ್ ಕ್ಯಾಪ್ ಬಿಚ್ರಿ. ಒಳಗಿನ ತುಣುಕು ಯಾವ ಸಾಲಿನ್ಯಾಗ ಬಂದ್ವು, ಅದ ಸಾಲಿನ್ಯಾಗ ಬಟ್ಟಿ ಮ್ಯಾಲೆ ಇಡ್ರಿ.
>
> ನೀರಾಗ ಅದ್ದಿ ಹಳೇ ಬ್ರಷ್‌ಲೆ ತಿಕ್ರಿ. ಸೂಜಿ, ತಂತಿ ಹಾಕಬ್ಯಾಡ್ರಿ, ತೂತು ದೊಡ್ಡದಾಕ್ಕೈತಿ. ಬಾಯಿಲೆ ಊದಬ್ಯಾಡ್ರಿ, ಅದರಾಗ ಎಣ್ಣಿ ಐತಿ.
>
> ಅದ ಸಾಲಿನ್ಯಾಗ ಕೂಡ್ಸಿ, ಕೈಲೆ ಬಿಗಿ ಮಾಡ್ರಿ. ಸ್ವಿಚ್ ಹಾಕಿ ಹಿಡಿಕಿ ಒತ್ರಿ. ಛತ್ರಿ ಹಂಗ ಅರಳ್ತಂದ್ರ ಆತು.

ಇದರಲ್ಲಿ ನಮಸ್ಕಾರ ಇಲ್ಲ, ಅಂಗಡಿಯ ಹೆಸರು ಇಲ್ಲ, "ಇವತ್ತಿನ ವಿಡಿಯೊದಲ್ಲಿ" ಇಲ್ಲ. ಮೊದಲ ಸಾಲೇ ರೈತನ ಕಣ್ಣ ಮುಂದಿನ ತೊಂದರೆ. ಅದು ತನ್ನದಲ್ಲ ಅಂದರೆ ಅವನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಬಹುದು. ಕೊನೆಯ ಸಾಲು ಕೆಲಸ ಸರಿಯಾಯಿತು ಅನ್ನುವುದಕ್ಕೆ ಗುರುತು. ಮ್ಯಾನ್ಯುವಲ್‌ಗಳು ಈ ಗುರುತನ್ನು ಬಿಟ್ಟುಬಿಡುತ್ತವೆ. "ಸ್ವಚ್ಛಗೊಳಿಸಿ" ಅಂತ ನಿಲ್ಲಿಸಿದರೆ ಸ್ವಚ್ಛವಾಯಿತಾ ಇಲ್ಲವಾ ಅಂತ ಗೊತ್ತಾಗುವುದು ಹೇಗೆ?

ಮೊದಲ ಕರಡಿನಲ್ಲಿ "ಬಾಯಿಲೆ ಊದಬ್ಯಾಡ್ರಿ" ಇರಲಿಲ್ಲ. ಮ್ಯಾನ್ಯುವಲ್‌ನಲ್ಲಿ ಅದು ಎರಡನೇ ಪುಟದಲ್ಲಿತ್ತು, ನನ್ನ ಗಮನ 17ನೇ ಪುಟದ ಮೇಲಿತ್ತು. ಹಾವೇರಿ ಕಡೆಯ ಒಬ್ಬ ಯಜಮಾನರ ಕೈಗೆ ಪಂಪು ಕೊಟ್ಟು ಕರಡು ಓದಿ ಹೇಳಿದೆ. ಪುಣ್ಯಕ್ಕೆ ಟ್ಯಾಂಕಿನಲ್ಲಿ ಬರೀ ನೀರಿತ್ತು. ಅವರು ಕ್ಯಾಪ್ ಬಿಚ್ಚಿದವರೇ ತುಟಿಗಿಟ್ಟು ಊದಿದರು. ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದರಂತೆ. ನನ್ನ ಎದೆ ಝಲ್ಲೆಂದಿತು.

ಹಾಗಾದರೆ ಎಚ್ಚರಿಕೆಗಳನ್ನೆಲ್ಲ ಸೇರಿಸಿ ಒಂದು "ಸುರಕ್ಷತೆ" ವಿಡಿಯೊ ಮಾಡಬಹುದಾ?

ಮಾಡಬೇಡಿ. ಆ ಯಜಮಾನರ ಕಥೆ ಹೇಳುವುದೇ ಇದನ್ನು. ಎಚ್ಚರಿಕೆ ಕೆಲಸದ ಜೊತೆಗೇ ಇರಬೇಕು, ಅದೂ ಕೈ ಆ ತಪ್ಪನ್ನು ಮಾಡುವ ಸ್ವಲ್ಪ ಮುಂಚೆ. "ಪ್ರೆಷರ್ ಬಿಡ್ರಿ" ಅನ್ನುವುದು ಕ್ಯಾಪ್ ಬಿಚ್ಚುವ ಮೊದಲು ಬರಬೇಕು, ಬಿಚ್ಚಿದ ಮೇಲೆ ಹೇಳಿದರೆ ಅಷ್ಟೊತ್ತಿಗೆ ಮುಖಕ್ಕೆ ಚಿಮ್ಮಿರುತ್ತದೆ. ಒಂದೇ ಎಚ್ಚರಿಕೆ ಐದು ಸ್ಕ್ರಿಪ್ಟ್‌ಗೆ ಬೇಕಾದರೆ ಐದರಲ್ಲೂ ಹೇಳಿ. ಬರೆಯುವವರಿಗೆ ಅದು ಪುನರಾವರ್ತನೆ ಅನಿಸುತ್ತದೆ. ಆದರೆ ನೋಡುವವರು ಐದನ್ನೂ ನೋಡಿರುವುದಿಲ್ಲ.

ಸಮಯ ಮೀರಿತು ಅಂತ ಎಚ್ಚರಿಕೆಯನ್ನು ಕತ್ತರಿಸಲೇಬೇಡಿ. ಕತ್ತರಿಸುವುದಿದ್ದರೆ ಕಾರಣ ಹೇಳುವ ಮಾತನ್ನು ಚಿಕ್ಕದು ಮಾಡಿ. ತೀರಾ ತೆಗೆಯಬೇಡಿ, ಯಾಕೆಂದರೆ "ಸೂಜಿ ಹಾಕಬ್ಯಾಡ್ರಿ" ಅಂತ ಮಾತ್ರ ಹೇಳಿದರೆ ಜನ ಕೇಳುವುದಿಲ್ಲ. ಸೂಜಿ ಹಾಕಿದರೆ ಕಸ ಬೇಗ ಹೋಗುವುದು ಅವರ ಕಣ್ಣಿಗೇ ಕಾಣುತ್ತದೆ. ತೂತು ದೊಡ್ಡದಾಗಿ, ಹನಿ ದಪ್ಪವಾಗಿ, ಅದೇ ಸಾಲಿಗೆ ಜಾಸ್ತಿ ಎಣ್ಣಿ ಖರ್ಚಾಗುವುದು ಆಮೇಲೆ. "ತೂತು ದೊಡ್ಡದಾಕ್ಕೈತಿ" ಅನ್ನುವ ಎರಡೇ ಪದಕ್ಕೆ ಕೈ ನಿಲ್ಲುತ್ತದೆ.

ಎಷ್ಟು ಉದ್ದ ಇರಬೇಕು?

ಮೇಲಿನ ಸ್ಕ್ರಿಪ್ಟ್ ಸುಮಾರು 70 ಪದ ಇದೆ. ಕೈ ಕೆಲಸ ನಡೆಯುತ್ತಾ ಮಾತು ಬರುವಾಗ ಒಂದು ನಿಮಿಷಕ್ಕೆ ಅಷ್ಟೇ ಹಿಡಿಯುತ್ತದೆ ಅನ್ನುವುದು ನನ್ನ ಅನುಭವ. ಸುಮ್ನೆ ಕ್ಯಾಮೆರಾ ನೋಡಿ ಮಾತಾಡಿದರೆ 90, 100 ಪದ ಹಿಡಿಸಬಹುದು. ಆದರೆ ಕನ್ನಡದಲ್ಲಿ ಪದ ಎಣಿಸುವುದನ್ನು ತೀರಾ ನಂಬಬೇಡಿ. "ಸ್ವಚ್ಛಗೊಳಿಸಬೇಕಾಗುತ್ತದೆ" ಒಂದೇ ಪದ, "ತಿಕ್ರಿ" ಕೂಡ ಒಂದೇ ಪದ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಕೈಯಲ್ಲಿ ವಸ್ತು ಹಿಡಿದು, ಬಿಚ್ಚುತ್ತಾ ತಿಕ್ಕುತ್ತಾ ಜೋರಾಗಿ ಓದಿ. ಅದೇ ನಿಜವಾದ ಅಳತೆ.

ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಬಿಡುತ್ತದೆ. ಜಾಗ ಇದೆ ಅಂತ ತುಂಬಬೇಡಿ. ನನ್ನ ಸ್ಕ್ರಿಪ್ಟ್ ಒಂದೂವರೆ ನಿಮಿಷ ದಾಟಿದರೆ ಅದರಲ್ಲಿ ಇನ್ನೊಂದು ಕೆಲಸ ನುಸುಳಿದೆ ಅಂತಲೇ ಅರ್ಥ. ಪ್ರತಿ ಸಲ ಹುಡುಕಿದಾಗ ಸಿಕ್ಕಿದೆ.

ಒಂದನ್ನು ನೋಡದೆ ನೇರ ಇನ್ನೊಂದನ್ನು ನೋಡಿದರೆ ಅರ್ಥವಾಗುತ್ತದಾ?

ಆಗಲೇಬೇಕು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಒಂದೇ ತುಣುಕು ಅವರ ಕೈ ಸೇರಿರುತ್ತದೆ. "ಹಿಂದಿನ ವಿಡಿಯೊದಲ್ಲಿ ಹೇಳಿದಂತೆ" ಅನ್ನುವ ಮಾತು ಬರೆದ ಕೂಡಲೇ ಅಳಿಸಿ. ಬದಲಿಗೆ ಶುರುವಿನ ಸ್ಥಿತಿಯನ್ನು ತೋರಿಸಿ. ನಾಝಲ್ ವಿಡಿಯೊದಲ್ಲಿ ಪಂಪು ನೆಲದ ಮೇಲಿದೆ, ಸ್ವಿಚ್ ಹಾಕಿದೆ, ಧಾರೆ ಸಣ್ಣಗೆ ಬೀಳುತ್ತಿದೆ. ಇಷ್ಟು ಮೊದಲ ಮೂರು ಸೆಕೆಂಡಿನಲ್ಲಿ ಕಾಣುತ್ತದೆ, ಮಾತು ಬೇಡ.

ಕಾಗದವನ್ನು ಉದ್ದಕ್ಕೆ ಮಡಚಿ ಎಡಗಡೆ ಕಾಣುವುದು, ಬಲಗಡೆ ಕೇಳುವುದು ಅಂತ ಬರೆದರೆ ಇದು ಸಲೀಸು. ಎಡಗಡೆ ಕಾಣಿಸುವುದನ್ನು ಬಲಗಡೆ ಮತ್ತೆ ಹೇಳಿದ್ದರೆ ಬಲಗಡೆಯದನ್ನು ಹೊಡೆದು ಹಾಕಬಹುದು.

ಹುಬ್ಬಳ್ಳಿ ಕಡೆಯ ಮಾತಿನಲ್ಲಿ ಬರೆಯಬೇಕಾ, ಪುಸ್ತಕದ ಕನ್ನಡದಲ್ಲಾ?

ಯಾರಿಗೆ ಅಂತ ನೋಡಿ. ನಮ್ಮ ಅಂಗಡಿಯ ಗಿರಾಕಿಗಳು ಧಾರವಾಡ, ಗದಗ, ಹಾವೇರಿ ಜಿಲ್ಲೆಯವರು. ಅವರಿಗೆ "ಐತಿ", "ಮಾಡ್ರಿ" ಅಂದರೆ ಪಕ್ಕದಲ್ಲಿ ಕೂತು ಹೇಳಿದಂತೆ. ಮೈಸೂರು, ತುಮಕೂರಿನವರೂ ನೋಡುವುದಿದ್ದರೆ ಕ್ರಿಯಾಪದ ಬದಲಿಸಿ, ಉಳಿದದ್ದು ಹಾಗೇ ಇರಲಿ.

ಅದಕ್ಕಿಂತ ಮುಖ್ಯ ಅಂದರೆ ವಸ್ತುವಿನ ಹೆಸರು. ಮ್ಯಾನ್ಯುವಲ್‌ನಲ್ಲಿ "ಕಳೆನಾಶಕ" ಅಂತಿದೆ. ನಮ್ಮ ಕಡೆ ಹೊಲದಲ್ಲಿ ಬೆಳೆಯುವುದು ಕಸ, ಹೊಡೆಯುವುದು ಕಸದ ಎಣ್ಣಿ. "ಸಿಂಪರಣಾ ದಂಡ" ಅಂದರೆ ಯಾರೂ ತಿರುಗಿ ನೋಡುವುದಿಲ್ಲ, ಕೋಲು ಅಂದರೆ ಕೈ ಹೋಗುತ್ತದೆ. ಒಂದು ವಸ್ತುವಿಗೆ ಒಂದೇ ಹೆಸರು ಇಟ್ಟುಕೊಂಡು 11 ಸ್ಕ್ರಿಪ್ಟ್‌ನಲ್ಲೂ ಅದನ್ನೇ ಬಳಸಿ. ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಪೈಪು ಅಂದರೆ ನೋಡುವವರು ಬೇರೆ ಭಾಗ ಹುಡುಕುತ್ತಾರೆ.

ಮ್ಯಾನ್ಯುವಲ್ ಬಿಡಿ, ಉದ್ದನೆಯ ಬ್ಲಾಗ್ ಬರಹ ಇದ್ದರೆ?

ಅದು ಬೇರೆ ತರಹದ ಕೆಲಸ. ಮ್ಯಾನ್ಯುವಲ್‌ನಲ್ಲಿ ಕೆಲಸಗಳಿರುತ್ತವೆ, ಕಾರಣ ಕಡಿಮೆ. ಬ್ಲಾಗ್‌ನಲ್ಲಿ ಕಾರಣ ಬೇಕಾದಷ್ಟು, ಕೆಲಸ ಮುಚ್ಚಿಹೋಗಿರುತ್ತದೆ. ನಾನು ಅದರಲ್ಲಿ "ಆದರೆ" ಅನ್ನುವ ಪದ ಹುಡುಕುತ್ತೇನೆ. ಬರೆದವರು ಜನರ ರೂಢಿಯನ್ನು ಹೇಳಿ, "ಆದರೆ" ಅಂತ ತಿರುಗಿದ ಕಡೆ ಒಂದು ಪಾಠ ಇರುತ್ತದೆ.

ಪಂಪು ತೊಳೆಯುವ ಬಗ್ಗೆ ಒಂದು ಉದ್ದ ಬರಹ ಇತ್ತು. ಅದರ ನಡುವೆ ಈ ಅರ್ಥದ ಒಂದು ಮಾತು: ಎಲ್ಲರೂ ಟ್ಯಾಂಕನ್ನು ಮೂರು ಸಲ ತೊಳೆಯುತ್ತಾರೆ, ಆದರೆ ಪೈಪು ಮತ್ತು ಕೋಲಿನೊಳಗೆ ಹಳೇ ಎಣ್ಣಿ ಉಳಿದಿರುತ್ತದೆ. ಇಷ್ಟೇ ಸ್ಕ್ರಿಪ್ಟ್. ಪ್ರತಿ ಸಲ ಹೊಸ ನೀರು ಹಾಕಿ, ಸ್ವಿಚ್ ಹಾಕಿ, ಕೋಲಿನಿಂದ ನೀರು ಹೊರಗೆ ಹೋಗುವಂತೆ ಮಾಡಬೇಕು. ಕೆರೆ, ಬಾವಿಯ ಹತ್ತಿರ ಮಾಡಬಾರದು. ಆ ಬರಹದಲ್ಲೇ ಇನ್ನೊಂದು "ಆದರೆ" ಇತ್ತು: 2,4-ಡಿ ತರಹದ ಕಸದ ಎಣ್ಣಿ ಎಷ್ಟು ತೊಳೆದರೂ ಸ್ವಲ್ಪ ಉಳಿಯಬಹುದು, ಅದೇ ಪಂಪಿನಿಂದ ಮೆಣಸಿನಗಿಡಕ್ಕೆ ಹೊಡೆದರೆ ಎಲೆ ಮುರುಟುತ್ತದೆ, ಹಾಗಾಗಿ ಕಸಕ್ಕೆ ಬೇರೆ ಪಂಪು ಇಡಿ. ಎರಡೂ ತೊಳೆಯುವ ಬಗ್ಗೆಯೇ ಇದ್ದರೂ ಒಂದು ಸಂಜೆ ಮಾಡುವ ಕೆಲಸ, ಇನ್ನೊಂದು ಪಂಪು ಕೊಳ್ಳುವಾಗ ಮಾಡುವ ತೀರ್ಮಾನ. ಎರಡು ಸ್ಕ್ರಿಪ್ಟ್ ಮಾಡಿದೆ.

ಕೆಲವು ವಿಷಯದಲ್ಲಿ ನಾಲ್ಕು ಅಂಶ ಒಟ್ಟಿಗೇ ಇರುತ್ತವಲ್ಲ? ಅವನ್ನೂ ಒಡೆಯಬೇಕಾ?

ಇಲ್ಲ. ಔಷಧಿ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಇದ್ದರೆ ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಣ್ಣ ನಾಲ್ಕಾದರೂ ಕಲಿಯುವುದು ಒಂದೇ: ಯಾವುದು ಯಾವುದಕ್ಕಿಂತ ಹೆಚ್ಚು. ನಾಲ್ಕು ತುಂಡು ಮಾಡಿದರೆ ಹೋಲಿಕೆಯೇ ಹೋಗಿಬಿಡುತ್ತದೆ. ಇಲ್ಲಿ ಇನ್ನೊಂದು ಮಾತು ಸೇರಿಸಿದೆ. ಹಸಿರು ಇದ್ದರೂ ಅದು ವಿಷವೇ. ಇದನ್ನು ಹೇಳದಿದ್ದರೆ ಹಸಿರು ಅಂದರೆ ಚಿಂತೆಯಿಲ್ಲ ಅಂತ ಜನ ತಿಳಿಯುತ್ತಾರೆ.

ಸ್ಕ್ರಿಪ್ಟ್ ಮಾಡಲೇಬಾರದು ಅನ್ನುವ ವಿಷಯ ಇದೆಯಾ?

ಇದೆ. ಯಾವ ಎಣ್ಣಿ ಎಷ್ಟು ಎಂ.ಎಲ್. ಹಾಕಬೇಕು ಅನ್ನುವುದು. ಜನ ಜಾಸ್ತಿ ಕೇಳುವುದೂ ಅದನ್ನೇ. ಆದರೆ ಅದು ಔಷಧಿಗೆ, ಬೆಳೆಗೆ ತಕ್ಕಂತೆ ಬದಲಾಗುತ್ತದೆ, ಡಬ್ಬಿಯ ಲೇಬಲ್ ಮೇಲೆ ಇರುತ್ತದೆ. ಒಂದು ಅಳತೆ ವಿಡಿಯೊದಲ್ಲಿ ಹೇಳಿದರೆ ಅದು ಬೇರೆ ಔಷಧಿಗೂ ಅಂಟಿಕೊಳ್ಳುತ್ತದೆ. ನಾನು ಮಾಡಿದ್ದು ಲೇಬಲ್‌ನಲ್ಲಿ ಆ ಅಂಕಿ ಎಲ್ಲಿರುತ್ತದೆ, ಎಕರೆಗಾ ಹೆಕ್ಟೇರಿಗಾ ಅಂತ ಹೇಗೆ ನೋಡಬೇಕು ಅನ್ನುವ ಸ್ಕ್ರಿಪ್ಟ್. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಹಾಕಿದರೆ ಎರಡೂವರೆ ಪಟ್ಟು ಎಣ್ಣಿ ಬೀಳುತ್ತದೆ.

ನೋಡಿದವರಿಗೆ ತಿಳಿಯಿತಾ ಅಂತ ಹೇಗೆ ಗೊತ್ತಾಗುತ್ತದೆ?

"ತಿಳೀತಾ?" ಅಂತ ಕೇಳಬೇಡಿ. ಎಲ್ಲರೂ "ಹ್ಞೂಂ, ತಿಳೀತು" ಅಂತಾರೆ, ನಿಮ್ಮ ಮನಸ್ಸು ನೋಯಬಾರದು ಅಂತ. ವಸ್ತುವನ್ನು ಕೈಗೆ ಕೊಟ್ಟು, ಕರಡು ಓದಿ, ಬಾಯಿ ಮುಚ್ಚಿಕೊಂಡು ಕೂರಿ. ಟ್ಯಾಂಕಿನಲ್ಲಿ ಬರೀ ನೀರಿರಲಿ. ಅವರ ಕೈ ಎಲ್ಲಿ ನಿಂತಿತೋ ಆ ಸಾಲಿಗೆ ಗುರುತು ಹಾಕಿ. ಅಂಥ ಮೂರು ಜನ ಸಿಕ್ಕರೆ ಸಾಕಾಗುತ್ತದೆ. ನಾಝಲ್ ಸ್ಕ್ರಿಪ್ಟ್‌ನಲ್ಲಿ ಮೂವರ ಪೈಕಿ ಇಬ್ಬರ ಕೈ ನಿಂತಿದ್ದು ತುಣುಕುಗಳನ್ನು ವಾಪಸ್ ಜೋಡಿಸುವಾಗ. ಯಾವುದು ಮೊದಲಿತ್ತು ಅಂತ ಮರೆತಿದ್ದರು. "ಬಟ್ಟಿ ಮ್ಯಾಲೆ ಸಾಲಿನ್ಯಾಗ ಇಡ್ರಿ" ಅನ್ನುವ ಮಾತು ಬಂದದ್ದು ಆಗ. ಮ್ಯಾನ್ಯುವಲ್‌ನಲ್ಲಿ ಅದು ಎಲ್ಲೂ ಇಲ್ಲ.

ಕಂಪನಿಯವರ ಒಪ್ಪಿಗೆ ಬೇಕಾ?

ಅವರ ಚಿತ್ರ, ಅವರ ವಾಕ್ಯ ಹಾಗೇ ಬಳಸುವುದಿದ್ದರೆ ಬರವಣಿಗೆಯಲ್ಲಿ ಕೇಳಿ. ನಿಮ್ಮ ಮಾತಿನಲ್ಲಿ ಬರೆದು, ನಿಮ್ಮ ಕ್ಯಾಮೆರಾದಲ್ಲಿ ತೆಗೆಯುವುದು ಒಳ್ಳೆಯದು. ಬ್ಲಾಗ್ ಬರಹ ಬೇರೆಯವರದಾದರೆ ಅವರನ್ನೂ ಕೇಳಿ.

ಮಾಡೆಲ್ ಬದಲಾದರೆ ಎಲ್ಲವನ್ನೂ ಮತ್ತೆ ಮಾಡಬೇಕಾ?

ಚೀಟಿಯ ಹಿಂದಿನ ಪುಟದ ಸಂಖ್ಯೆ ಕೆಲಸಕ್ಕೆ ಬರುವುದು ಇಲ್ಲೇ. ಸ್ಕ್ರಿಪ್ಟ್‌ನ ಮೂಲೆಯಲ್ಲಿ ಮಾಡೆಲ್, ಮ್ಯಾನ್ಯುವಲ್‌ನ ಪುಟ, ಬರೆದ ತಾರೀಖು ಹಾಕಿಡಿ. ಈ ವರ್ಷ ಅಂಗಡಿಗೆ ಲಿಥಿಯಂ ಬ್ಯಾಟರಿಯ ಪಂಪು ಬಂತು. 11ರಲ್ಲಿ ಬ್ಯಾಟರಿಯ ಮೂರನ್ನು ಮಾತ್ರ ತೆಗೆದು ನೋಡಿದೆ. ಸೀಸದ ಬ್ಯಾಟರಿಗೆ ಹೇಳಿದ ತಿಂಗಳಿಗೊಮ್ಮೆ ಚಾರ್ಜ್ ಮಾಡುವ ಮಾತು ಇದಕ್ಕೆ ಹೊಂದುವುದಿಲ್ಲ. ಹಳೇ ಚಾರ್ಜರ್ ಇದಕ್ಕೆ ಚುಚ್ಚಲೂಬಾರದು. ಆದರೆ ಎರಡೂ ಚಾರ್ಜರ್‌ನ ಪಿನ್ ನೋಡಲು ಒಂದೇ ತರಹ ಇದೆ. ಆದ್ದರಿಂದ ಹೊಸ ಪಂಪಿಗೆ ಬರೆದ ಮೊದಲ ಸ್ಕ್ರಿಪ್ಟ್ ಅದೇ: ಎರಡು ಚಾರ್ಜರ್ ಅಕ್ಕಪಕ್ಕ ಇಟ್ಟು, ಹಿಂದಿನ ಚೀಟಿಯ ಮೇಲಿನ ವೋಲ್ಟ್ ಓದಿ, ಹೊಸದಕ್ಕೆ ಕೆಂಪು ಟೇಪು ಸುತ್ತುವುದು. 40 ಸೆಕೆಂಡು.